ನನ್ನ ಹೊಟ್ಟೆಯನ್ನು ಅಳೆದವರು

ನಾನು ಟೇಪು ಹಿಡಿದು ಅನ್ನ ದುಡಿಯುವವಳು. ಕರಜಗಿಯಲ್ಲಿ ಗಂಡನ ಮನೆಯ ಪಡಸಾಲೆಯಲ್ಲೇ ನನ್ನ ಹೊಲಿಗೆ ಮಶೀನು. ಯಾರ ತೋಳು ದಪ್ಪವಾಯಿತು, ಯಾರ ಸೊಂಟ ಇಳಿಯಿತು ಎಂಬುದು ಅವರ ಗಂಡಂದಿರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಆದರೆ ಒಬ್ಬಳ ಅಳತೆಯನ್ನು ಇನ್ನೊಬ್ಬಳ ಮುಂದೆ ನಾನು ಆಡುವುದಿಲ್ಲ. ಅಷ್ಟು ಮರ್ಯಾದೆ ನಮ್ಮ ಕಸುಬಿಗಿದೆ. ನನ್ನ ಮೊದಲ ಬಸಿರಿನಲ್ಲಿ ಮಾತ್ರ ನನ್ನ ಹೊಟ್ಟೆಯ ಅಳತೆಯನ್ನು ಎರಡು ಮನೆಯವರು ಬಾಯಿಗೆ ಹಾಕಿಕೊಂಡು ಅಗಿದರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ನನ್ನ ಗಂಡ ಜೆಸಿಬಿ ಓಡಿಸುತ್ತಾರೆ. ಆ ವರ್ಷ ಕೊಂಕಣದ ಕಡೆ ರಸ್ತೆಯ ಕೆಲಸವಿತ್ತು. ನವೆಂಬರಿನ ದೀಪಾವಳಿಗೆ ಬಂದು ವಾರ ಕಳೆದು ಹೋದವರು ಮತ್ತೆ ಮನೆ ಕಂಡಿದ್ದು ಸಂಕ್ರಾಂತಿಗೆ ಮುಂಚಿನ ಎಳ್ಳ ಅಮಾವಾಸ್ಯೆಗೆ. ಅಷ್ಟರಲ್ಲಿ ನನಗೆ ದಿನ ನಿಂತು ಎರಡು ತಿಂಗಳಾಗುತ್ತ ಬಂದಿತ್ತು. ಅವರೇ ಮುಂದಾಗಿ ನನ್ನನ್ನು ಸೋನೋಗ್ರಫಿಗೆ ಕರೆದುಕೊಂಡು ಹೋದರು. ಪರದೆಯ ಮೇಲೆ ಹೆಬ್ಬೆರಳಿಗಿಂತ ಸಣ್ಣದೊಂದು ಜೀವ ಕೈಕಾಲು ಆಡಿಸುತ್ತಿತ್ತು. ಹತ್ತು ವಾರ ತುಂಬಿದೆ, ಆಗಸ್ಟ್ ಮೊದಲ ವಾರ ಹೆರಿಗೆ ಎಂದರು. ವಾರವನ್ನು ಕೊನೆಯ ಮುಟ್ಟಿನಿಂದ ಎಣಿಸುತ್ತಾರೆ, ನನ್ನ ದಿನದ ಲೆಕ್ಕಕ್ಕೂ ಅದು ಸರಿಯಾಗಿ ಕೂತಿತು. ಗಂಡ ಎದ್ದು ನಿಂತು ಪರದೆಯ ಹತ್ತಿರ ಮುಖ ಒಯ್ದು ನೋಡಿ, "ಅಯ್ಯಯ್ಯ, ಒದೀಲಿಕ್ಕತ್ತೈತಿ ನೋಡ" ಎಂದು ನಕ್ಕಿದ್ದರು. ಈ ನಗೆಯನ್ನು ಓದುವವರು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಅವರೇ ಮುಂದೆ ಇದನ್ನು ಮರೆತರು.

ಏಳನೇ ತಿಂಗಳಿಗೆ ನನಗೆ ಕುಬುಸ ಮಾಡಿದರು, ಅಂದರೆ ಸೀಮಂತ. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬ ಹಣ್ಣು. ಆಮೇಲೆ ನಮ್ಮ ಪದ್ಧತಿಯಂತೆ ಅವ್ವ ನನ್ನನ್ನು ಮಹಾರಾಷ್ಟ್ರದ ಜತ್ತಿಗೆ, ತವರಿಗೆ ಕರೆದುಕೊಂಡು ಬಂದಳು. ಮೊದಲ ಬಾಣಂತನ ತವರಿನದು ತಾನೆ. ಈ ಪದ್ಧತಿಯನ್ನು ನಾನು ಬೈಯುವುದಿಲ್ಲ. ತಾಯಿಯ ಕೈ ಎಣ್ಣೆಯನ್ನು ಯಾರು ಬೇಡ ಎನ್ನುತ್ತಾರೆ? ಆದರೆ ಬಸುರಿ ಊರು ಬದಲಿಸಿದಾಗ ಅವಳನ್ನು ನೋಡುವ ಕೈಯೂ ಬದಲಾಗುತ್ತದೆ. ಕರಜಗಿಯಲ್ಲಿ ಸಿಸ್ಟರ್ ನನ್ನ ಹೊಟ್ಟೆಯನ್ನು ಎರಡು ಸಲ ಅಳೆದಿದ್ದರು. ಇಪ್ಪತ್ನಾಲ್ಕು ವಾರಕ್ಕೆ ಇಪ್ಪತ್ನಾಲ್ಕು ಸೆಂಟಿಮೀಟರ್, ಇಪ್ಪತ್ತೆಂಟಕ್ಕೆ ಇಪ್ಪತ್ತೇಳು. ಮೂವತ್ತೆರಡನೇ ವಾರದಲ್ಲಿ ನಾನು ಜತ್ತಿನ ಸರಕಾರಿ ದವಾಖಾನೆಯ ಮಂಚದ ಮೇಲೆ ಮಲಗಿದ್ದೆ.

ಅಲ್ಲಿಯ ಸಿಸ್ಟರ್ ಮೊದಲು ನನ್ನನ್ನು ಮೂತ್ರಕ್ಕೆ ಹೋಗಿ ಬಾ ಎಂದು ಎಬ್ಬಿಸಿದರು. ತುಂಬಿದ ಮೂತ್ರಚೀಲ ಗರ್ಭಚೀಲವನ್ನು ಮೇಲಕ್ಕೆ ಎತ್ತಿ ಅಳತೆ ಹೆಚ್ಚಿಸುತ್ತದಂತೆ. ಬಂದು ಮಲಗಿದ ಮೇಲೆ ಅಂಗೈ ಅಂಚಿನಿಂದ ಮೇಲಿನಿಂದ ಕೆಳಕ್ಕೆ ಒತ್ತುತ್ತ ಬಂದು ಗರ್ಭಚೀಲದ ನೆತ್ತಿ ಎಲ್ಲಿದೆ ಎಂದು ಹುಡುಕಿದರು. ಅಲ್ಲಿ ಟೇಪಿನ ತುದಿ ಹಿಡಿದು, ಕಿಬ್ಬೊಟ್ಟೆಯ ಕೆಳಗಿನ ಎಲುಬಿನ ಮೇಲಂಚಿನವರೆಗೆ ಎಳೆದರು. ಆಗ ನನ್ನ ಕಸುಬು ಸುಮ್ಮನಿರಲಿಲ್ಲ. ಅವರು ಟೇಪನ್ನು ಮಗುಚಿ ಹಿಡಿದಿದ್ದರು. ಅಂಕಿಗಳೆಲ್ಲ ನನ್ನ ಚರ್ಮದ ಕಡೆ, ಖಾಲಿ ಬದಿ ಮೇಲೆ.

"ಸಿಸ್ಟರ್, ಟೇಪ ಉಲ್ಟಾ ಹಿಡದೀರಿ" ಎಂದೆ.

"ಬೇಕಂತ ಹಿಡದೀನಿ. ಅಂಕಿ ಕಾಣಿಸಿತಂದ್ರ ನನಗ ಬೇಕಾದ ಅಂಕಿಗೆ ನನ್ನ ಬೆರಳ ನಿಂದರತಾವ. ಅದಕ್ಕ ಮೊದಲ ಎಲುಬ ಮುಟ್ಟಬೇಕು, ಆಮ್ಯಾಲೆ ಹೊಳ್ಳಿಸಿ ನೋಡಬೇಕು" ಎಂದರು.

ಹೊರಳಿಸಿ ನೋಡಿದರು. ಇಪ್ಪತ್ತೆಂಟು. ಮತ್ತೆ ಮೊದಲಿನಿಂದ ಅಳೆದರು. ಮತ್ತೆ ಇಪ್ಪತ್ತೆಂಟು. ವಾರ ಎಷ್ಟೋ ಸೆಂಟಿಮೀಟರ್ ಹೆಚ್ಚುಕಡಿಮೆ ಅಷ್ಟೇ ಇರಬೇಕು, ಎರಡು ಆಚೆ ಈಚೆ ಆದರೆ ನಡೆಯುತ್ತದೆ, ಇಲ್ಲಿ ನಾಲ್ಕು ಕಡಿಮೆ ಇದೆ, ಅದೂ ಹೋದ ತಿಂಗಳಿನಿಂದ ಈ ತಿಂಗಳಿಗೆ ಒಂದೇ ಏರಿದೆ ಎಂದರು. "ಹೆದರಬ್ಯಾಡವಾ. ಟೇಪ ರೋಗ ಹೇಳೂದಿಲ್ಲ, ನೋಡ್ರಿ ಅಂತ ಹೇಳತೈತಿ ಅಷ್ಟ. ಕೂಸು ಅಡ್ಡ ಮಲಗಿದ್ರೂ ಹಿಂಗ ಬರತೈತಿ, ನೀರು ಕಡಿಮಿ ಇದ್ರೂ ಬರತೈತಿ. ಸೋನೋಗ್ರಫಿ ಮಾಡಿಸಿ ಕಾಗದ ನನಗ ತಂದ ತೋರಿಸು." ದವಾಖಾನೆಯಲ್ಲಿ ಆ ದಿನ ಮಶೀನಿನವರು ಇರಲಿಲ್ಲ, ಹೊರಗೆ ಮಾಡಿಸಬೇಕಾಗಿತ್ತು.

ಪಕ್ಕದ ಮಂಚದ ಮೇಲೆ ನನ್ನಷ್ಟೇ ವಾರದ ಒಬ್ಬಳಿದ್ದಳು. ಅವಳ ಟೇಪು ಮೂವತ್ತಾರು ತೋರಿಸಿತು. ನಮ್ಮವ್ವ ಅವಳ ಹೊಟ್ಟೆಯನ್ನೇ ಬಾಯಿ ಬಿಟ್ಟುಕೊಂಡು ನೋಡಿ, "ನೋಡ, ಬಸರಂದ್ರ ಹಂಗಿರಬೇಕು" ಎಂದಳು. ಸಿಸ್ಟರ್ ಸಿಡುಕಿದರು. "ಏನ್ ಹಂಗಿರಬೇಕ್ರಿ ಅವ್ವಾರ? ಅಕಿಗೆ ಸಕ್ಕರಿ ಇದ್ರೂ ಹಿಂಗ ಆಗತೈತಿ. ನೀರು ಹೆಚ್ಚಿಗಿ ಆದ್ರೂ, ಅವಳಿ ಇದ್ರೂ ಆಗತೈತಿ. ಸಣ್ಣದಕ್ಕೂ ಕಾರಣ ಹುಡುಕಬೇಕು, ದೊಡ್ಡದಕ್ಕೂ ಹುಡುಕಬೇಕು." ಅವಳಿಗೆ ಗ್ಲೂಕೋಸಿನ ನೀರು ಕುಡಿಸಿ ಎರಡು ತಾಸು ಬೆಂಚಿನ ಮೇಲೆ ಕೂಡಿಸಿದರು. ಸಕ್ಕರೆಯೇ ಎಂದು ಆಮೇಲೆ ಗೊತ್ತಾಯಿತು. ಅವ್ವ ಹೊಟ್ಟೆಕಿಚ್ಚು ಪಟ್ಟ ಹೊಟ್ಟೆ ಅದು.

ಇನ್ನು ಸೋನೋಗ್ರಫಿಯ ಕಥೆ. ಪೇಟೆಯ ಆ ಸೆಂಟರಿನಲ್ಲಿ ಜನವೋ ಜನ. ಒಳಗಿನ ಡಾಕ್ಟರು ನನ್ನ ಮುಖವನ್ನೂ ನೋಡಲಿಲ್ಲ. ಮೊದಲ ಸೋನೋಗ್ರಫಿ ಯಾವಾಗ ಆಗಿತ್ತು ಎಂದು ಕೇಳಲಿಲ್ಲ. ನನ್ನ ಫೈಲು ಅವ್ವನ ತೊಡೆಯ ಮೇಲೆ ಹೊರಗೇ ಇತ್ತು. ಕೂಸಿನ ತಲೆ ಅಳೆದರು, ಹೊಟ್ಟೆ ಅಳೆದರು, ತೊಡೆಯ ಎಲುಬು ಅಳೆದರು. ಎಲ್ಲ ಸೇರಿ ಇಪ್ಪತ್ತೆಂಟು ವಾರದ ಕೂಸಿಗೆ ಹೊಂದುತ್ತದೆ ಎಂದರು.

"ಕೂಸು ಆರಾಮ ಐತಿ. ನಿಮ್ಮ ತಾರೀಖ ತಪ್ಪೇತಿ, ಅಷ್ಟ. ಆಗಸ್ಟ್ ಅಲ್ಲ, ಸಪ್ಟೆಂಬರ್. ತಿಂಗಳ ಬಿಟ್ಟ ಬರ್ರಿ."

ಅಷ್ಟೇ. ಮುಂದಿನವಳನ್ನು ಕರೆದರು.

ಈಗ ಯೋಚಿಸಿದರೆ ನನ್ನ ಮೈ ಉರಿಯುತ್ತದೆ. ಆರು ವರ್ಷದ ಹುಡುಗನಿಗೆ ಶರ್ಟು ಹೊಲಿಯಲು ಅಳತೆ ತೆಗೆದಾಗ ನಾಲ್ಕು ವರ್ಷದವನ ಅಳತೆ ಬಂದರೆ ನಾನು ಏನು ಹೇಳಬೇಕು? ಹುಡುಗ ಸಣ್ಣಗಿದ್ದಾನೆ ಎನ್ನಬೇಕೋ, ಇವನಿಗೆ ನಾಲ್ಕೇ ವರ್ಷ, ಹುಟ್ಟಿದ ತಾರೀಖು ತಿದ್ದಿ ಎನ್ನಬೇಕೋ? ಹಾಗೆ ಹೇಳಿದರೆ ಅವನ ತಾಯಿ ನನ್ನ ಕತ್ತರಿ ಕಸಿದುಕೊಂಡು ಓಡಿಸುತ್ತಾಳೆ. ನಮ್ಮವ್ವ ಮಾತ್ರ ಕೈ ಮುಗಿದು ಹೊರಗೆ ಬಂದಳು. ಕೂಸು ಆರಾಮ ಎಂದ ಮೇಲೆ ಕಾಗದ ತಿರುಗಿ ಸಿಸ್ಟರಿಗೆ ತೋರಿಸುವುದು ಯಾಕೆ ಎಂದು ನಾವು ನೇರ ಮನೆಗೆ ಬಂದೆವು. ಅವ್ವನಿಗೆ ಅದು ಸಿಹಿ ಸುದ್ದಿ. ಮಗಳು ಇನ್ನೂ ಒಂದು ತಿಂಗಳು ಹೆಚ್ಚಿಗೆ ತವರಲ್ಲಿರುತ್ತಾಳಲ್ಲ. ಆ ಸಡಗರದಲ್ಲೇ ಬೀಗತಿಗೆ ಫೋನು ಮಾಡಿದಳು.

ನಮ್ಮತ್ತೆ ಕೆಟ್ಟವಳಲ್ಲ ಎಂದು ಎಲ್ಲರೂ ಹೇಳುತ್ತಾರೆ. ಇರಬಹುದು. ಆದರೆ ಅವಳು ಆ ಫೋನು ಇಟ್ಟವಳೇ ಬೆರಳು ಮಡಚಿದಳು. ಸಪ್ಟೆಂಬರಿನಿಂದ ಒಂಬತ್ತು ತಿಂಗಳು ಹಿಂದಕ್ಕೆ ಎಣಿಸಿದಳು. ಎಣಿಕೆ ಹೋಗಿ ಡಿಸೆಂಬರಿಗೆ ನಿಂತಿತು. ಡಿಸೆಂಬರಿನಲ್ಲಿ ಅವಳ ಮಗ ಕೊಂಕಣದಲ್ಲಿದ್ದ.

ವಾರದೊಳಗೆ ಜತ್ತಿಗೆ ಬಂದಳು. ಚಹಾ ಮುಟ್ಟಲಿಲ್ಲ. ಬಾಗಿಲ ಹತ್ತಿರ ಕುಳಿತು ಅವ್ವನಿಗೆ, "ಬೀಗತಿಯರ, ನಿಮ್ಮ ಮಗಳನ್ನ ಒಂದ ಮಾತ ಕೇಳೂದೈತಿ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಕೊಂಕಣದಾಗ ಇದ್ದಾವನ ಕೂಸು ಕರಜಗ್ಯಾಗ ಹ್ಯಾಂಗ ನಿಂತೀತ ಹೇಳವಾ" ಎಂದಳು. ದನಿ ಎತ್ತಲಿಲ್ಲ. ಎತ್ತಿದ್ದರೆ ನಾನೂ ಎತ್ತುತ್ತಿದ್ದೆ.

ಒಂದು ಗಳಿಗೆ ನನಗೆ ಮಾತೇ ತಿಳಿಯಲಿಲ್ಲ. ತಿಳಿದ ಮೇಲೆ ಕೈಯಲ್ಲಿದ್ದ ಚಹಾದ ಬಟ್ಟಲು ಅಂಗಳಕ್ಕೆ ಹಾರಿತು.

"ಅತ್ತಿ, ಸಂಕ್ರಾಂತಿಗಿಂತ ಮೊದಲ ಹತ್ತ ವಾರದ ಕೂಸ ನಿಮ್ಮ ಮಗಾನ ಕಣ್ಣಲೆ ನೋಡ್ಯಾರ. ಅವರನ್ನ ಕೇಳ್ರಿ!"

"ಅವಗೇನ ತಿಳೀತೈತಿ ಟಿವಿಯೊಳಗಿಂದು? ಈಗ ದೊಡ್ಡ ಡಾಕ್ಟರ ತಾರೀಖ ತಿದ್ದ್ಯಾರಲ್ಲ. ಮಶೀನ ಸುಳ್ಳ ಹೇಳತೈತೇನು?"

ಅವ್ವ ಅಳತೊಡಗಿದಳು. ಅತ್ತೆ ಸೆರಗು ಹೊದ್ದು ಎದ್ದು ಹೋದಳು. ನಾನು ಗಂಡನಿಗೆ ಫೋನು ಹಚ್ಚಿದೆ. ಅವರಾದರೂ ನಗುತ್ತಾರೆ, ತಾಯಿಯನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಆಚೆ ಕಡೆ ಜೆಸಿಬಿಯ ಗಡಗಡ ನಿಂತಿತು. ಆಮೇಲೆ, "ನೀ ಸಿಟ್ಟಾಗಬ್ಯಾಡ. ಖರೇ ಇದ್ದದ್ದ ಹೇಳು" ಎಂದರು.

ಖರೇ ಇದ್ದದ್ದಂತೆ! ಪರದೆಗೆ ಮೂಗು ಹಚ್ಚಿ ನಕ್ಕವರು! ನಾನು ಫೋನು ಕಟ್ ಮಾಡಿದೆ. ಅಳು ಬರಲಿಲ್ಲ, ಬರೀ ಉರಿ. ಫೈಲು ಕಂಕುಳಲ್ಲಿ ಇಟ್ಟುಕೊಂಡು, ಅವ್ವ ಚಪ್ಪಲಿ ಹುಡುಕುವ ಮೊದಲೇ ಬೀದಿಗೆ ಇಳಿದೆ.

ಸರಕಾರಿ ದವಾಖಾನೆಯಲ್ಲಿ ಹೆರಿಗೆಯ ಡಾಕ್ಟರ್ ಮ್ಯಾಡಮ್ ಒಬ್ಬರಿದ್ದರು. ಮರಾಠಿಯವರು. ನಾನು ಸಾಲು ಮುರಿದು ಒಳಗೆ ನುಗ್ಗಿ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಕೂಗಿದೆ. ನನ್ನ ಕೂಸು ನವೆಂಬರಿನದು ಎಂದು ಬರೆದು ಕೊಡಿ, ಸಹಿ ಮಾಡಿ, ಶಿಕ್ಕಾ ಹೊಡೆಯಿರಿ, ಆ ಕಾಗದವನ್ನು ನಾನು ಅವರ ಮನೆ ಬಾಗಿಲಿಗೆ ಅಂಟಿಸುತ್ತೇನೆ ಎಂದೆ. ಹೊರಗಿನ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತರು.

ಮ್ಯಾಡಮ್ ಹೊಸ ಸೋನೋಗ್ರಫಿಯ ಕಾಗದ ನೋಡಿದರು. ಫೈಲಿನ ಮೊದಲ ಹಾಳೆ ತೆಗೆದು ಹತ್ತು ವಾರದ್ದನ್ನು ನೋಡಿದರು. ಎರಡನ್ನೂ ಪಕ್ಕಕ್ಕೆ ಪಕ್ಕ ಇಟ್ಟರು. ಅವರ ಮುಖ ಬದಲಾಯಿತು. ನನ್ನ ಪರವಾಗಿ ಸಿಟ್ಟು ಬಂದಿತು ಎಂದುಕೊಂಡೆ.

"ನಿನ್ನ ತಾರೀಖು ಸರಿಯಾಗಿದೆ" ಎಂದು ಮರಾಠಿಯಲ್ಲಿ ಹೇಳಿದರು. "ಮೊದಲ ಮೂರು ತಿಂಗಳಲ್ಲಿ ಕೂಸುಗಳೆಲ್ಲ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಬೆಳೆಯುತ್ತವೆ. ಅದಕ್ಕೇ ಆಗ ಅಳೆದರೆ ವಯಸ್ಸು ಗೊತ್ತಾಗುತ್ತದೆ. ಆಮೇಲೆ ಒಂದು ದೊಡ್ಡದು, ಒಂದು ಸಣ್ಣದು. ಈಗ ಅಳೆದರೆ ತೂಕ ಗೊತ್ತಾಗಬಹುದು, ವಯಸ್ಸಲ್ಲ. ಮೊದಲ ಸಲ ಕೂಡಿಸಿದ ತಾರೀಖನ್ನು ಯಾರೂ ಜರುಗಿಸಬಾರದು."

ನಾನು, "ಹಾಂ! ಅದನ್ನೇ ಬರೆದುಕೊಡಿ" ಎಂದೆ.

"ಅದು ಬಿಡು" ಎಂದರು. "ನಿನಗೆ ತಿಳಿಯಲಿಲ್ಲವೇ? ತಾರೀಖು ಸರಿ ಇದ್ದರೆ ಕೂಸು ನಾಲ್ಕು ವಾರ ಹಿಂದೆ ಬಿದ್ದಿದೆ."

ಅಲ್ಲಿಯವರೆಗೆ ನಾನು ನನ್ನ ಮಾನಕ್ಕಾಗಿ ಕೂಗಾಡುತ್ತಿದ್ದೆ. ನನ್ನ ಹೊಟ್ಟೆಯೊಳಗಿನದರ ನೆನಪೇ ಇರಲಿಲ್ಲ. ಆ ಒಂದು ಮಾತಿಗೆ ಸ್ಟೂಲಿನ ಮೇಲೆ ಕುಳಿತೆ.

ಅವರು ಬಿಪಿ ನೋಡಿದರು, ಏರಿತ್ತು. ಕಾಲಿನ ಬಾವು ಒತ್ತಿ ನೋಡಿದರು. ಕೂಸು ದಿನಾ ಒದೆಯುವಷ್ಟು ಒದೆಯುತ್ತಿದೆಯೇ ಎಂದು ಕೇಳಿದರು. ಎರಡು ದಿನದಿಂದ ಮೆತ್ತಗಾಗಿತ್ತು. ಮನೆಯ ಜಗಳದಲ್ಲಿ ನಾನು ಅದನ್ನು ಗಮನಿಸಿರಲೇ ಇಲ್ಲ. ಸಣ್ಣ ಕೂಸೆಲ್ಲ ರೋಗದ ಕೂಸಲ್ಲ, ಸಣ್ಣ ಆಳಿನ ತಾಯಿಗೆ ಸಣ್ಣ ಕೂಸು ಇರುವುದುಂಟು, ಆದರೆ ಅಂಥದ್ದು ತನ್ನ ಗೆರೆ ಹಿಡಿದು ಬೆಳೆಯುತ್ತ ಹೋಗುತ್ತದೆ, ನಿನ್ನದು ಬೆಳೆಯುತ್ತಿದ್ದದ್ದು ನಿಂತಿದೆ, ಬಿಪಿಯಿಂದ, ಕೂಸನ್ನು ಪೋಷಿಸುವ ಮಾಸಿಗೆ ರಕ್ತ ಕಡಿಮೆಯಾಗಿ ಅದಕ್ಕೆ ಊಟ ಮುಟ್ಟುತ್ತಿಲ್ಲವೇನೋ ಎಂದರು. ಹೊಕ್ಕಳಬಳ್ಳಿಯಲ್ಲಿ ರಕ್ತ ಹೇಗೆ ಹರಿಯುತ್ತಿದೆ ಎಂದು ಈವತ್ತೇ ನೋಡಬೇಕು, ನಾಳೆಯಲ್ಲ. ಆಂಬುಲೆನ್ಸ್ ಕರೆಸಿ ಮಿರಜಿಗೆ ಕಳಿಸಿದರು. ನಾನು ಕೇಳಿದ ಶಿಕ್ಕಾದ ಕಾಗದ ಅವರೂ ಕೊಡಲಿಲ್ಲ, ನಾನೂ ಮತ್ತೆ ಕೇಳಲಿಲ್ಲ.

ಮಿರಜಿನ ದೊಡ್ಡ ದವಾಖಾನೆಯಲ್ಲಿ ಬಳ್ಳಿಯ ರಕ್ತವನ್ನು ಸದ್ದಿನೊಂದಿಗೆ ತೋರಿಸಿದರು. ಹೃದಯ ಬಡಿದಾಗ ರಕ್ತ ಮುಂದೆ ಹೋಗುತ್ತದೆ. ಬಡಿತದ ನಡುವೆಯೂ ಅದು ಹರಿಯುತ್ತಲೇ ಇರಬೇಕು. ನನ್ನ ಕೂಸಿನದು ನಡುವೆ ನಿಲ್ಲುತ್ತಿತ್ತು. ಸುತ್ತಲಿನ ನೀರೂ ಕಡಿಮೆಯಾಗಿತ್ತು. ಕೂಸಿನ ಪುಪ್ಪುಸ ಗಟ್ಟಿಯಾಗಲೆಂದು ನನಗೆ ಇಂಜೆಕ್ಷನ್ ಚುಚ್ಚಿದರು. ಹೊಟ್ಟೆಗೆ ಪಟ್ಟಿ ಕಟ್ಟಿ ಕೂಸಿನ ಎದೆಬಡಿತ ನೋಡುತ್ತಲೇ ಇದ್ದರು. ಇಂಜೆಕ್ಷನ್ ಕೆಲಸ ಮಾಡುವಷ್ಟು ಕಾದು, ಮೂವತ್ನಾಲ್ಕು ವಾರಕ್ಕೆ ಹೊಟ್ಟೆ ಕೊಯ್ದು ತೆಗೆದರು. ಹೆಣ್ಣು. ಒಂದೂಕಾಲು ಕಿಲೋಗಿಂತ ತುಸು ಹೆಚ್ಚು. ಅತ್ತಿತು. ಬೆಕ್ಕಿನ ಮರಿಯಂಥ ದನಿ, ಆದರೆ ಅತ್ತಿತು.

ಇನ್ನೊಂದಿಷ್ಟು ದಿನ ಒಳಗೇ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಅಲ್ಲಿಯ ಡಾಕ್ಟರನ್ನು ಕೇಳಿದೆ. ಅವರು ಕನ್ನಡಕ ಒರೆಸಿಕೊಂಡರು. ನಮಗೆ ಹೇಳಿದ್ದು ತಿಂಗಳು ಬಿಟ್ಟು ಬನ್ನಿ ಎಂದು. ತಿಂಗಳು ಬಿಟ್ಟು ನಾನು ಹೋಗುತ್ತಿದ್ದೆ, ಹೊಟ್ಟೆಯಲ್ಲಿ ಕಲ್ಲಿನಂತೆ ಕುಳಿತದ್ದನ್ನು ಹೊತ್ತುಕೊಂಡು. ಆಗ ನಮ್ಮ ಮನೆಯವರು ಏನೆನ್ನುತ್ತಿದ್ದರು ಎಂಬುದೂ ನನಗೆ ಗೊತ್ತು. ದೇವರು ನ್ಯಾಯ ಮಾಡಿದ ಎನ್ನುತ್ತಿದ್ದರು.

ಕೂಸು ಗಾಜಿನ ಪೆಟ್ಟಿಗೆಯಲ್ಲಿತ್ತು. ಗಂಡ ಕೊಂಕಣದಿಂದ ಓಡಿ ಬಂದರು, ಅತ್ತೆಯೂ ಬಂದಳು. ಡಾಕ್ಟರು ಅವರಿಗೂ ಎಲ್ಲ ಬಿಡಿಸಿ ಹೇಳಿದರು: ತಾರೀಖು ಮೊದಲಿನದೇ ಸರಿ, ಕೂಸು ನವೆಂಬರಿನದೇ. ಗಂಡ ತಲೆ ಕೆಳಗೆ ಹಾಕಿದರು. ಅತ್ತೆ ಮಾತ್ರ ಡಾಕ್ಟರ ಮಾತು ಮುಗಿಯುವ ಮುಂಚೆ ಗಾಜಿಗೆ ಹಣೆ ಒತ್ತಿ, "ಅಯ್ಯ ನನ್ನವ್ವ, ಮೂಗ ನೋಡ್ರಿ, ನಮ್ಮ ಮಂದೀದ!" ಎಂದಳು. ನನ್ನ ಮಾತು ಅವಳಿಗೆ ಸಾಲಲಿಲ್ಲ, ಡಾಕ್ಟರ ಮಾತೂ ಬೇಕಾಗಲಿಲ್ಲ. ಬಟಾಣಿಯಷ್ಟು ಮೂಗು ಸಾಕಾಯಿತು. ಆ ಮೂಗು ನಮ್ಮವ್ವನ ಹಾಗೆ ಇದ್ದಿದ್ದರೆ? ಗಂಡ ನನ್ನ ಮಂಚದ ಹತ್ತಿರ ಬಂದಾಗ ಇದನ್ನೇ ಕೇಳಿದೆ. "ತಪ್ಪಾತು, ಬಿಡು" ಎಂದರು. ನಾನು ಬಿಟ್ಟಿಲ್ಲ.

ಕೂಸನ್ನು ವಾರಗಟ್ಟಲೆ ಎದೆಗೆ ಕಟ್ಟಿಕೊಂಡು, ಚರ್ಮಕ್ಕೆ ಚರ್ಮ ತಾಗಿಸಿ ಬೆಚ್ಚಗಿಟ್ಟು ಬೆಳೆಸಿದೆ. ಈಗ ಅವಳು ಶಾಲೆಗೆ ಹೋಗುತ್ತಾಳೆ. ಪ್ರಾರ್ಥನೆಯ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುವಷ್ಟು ಕುಳ್ಳಿ. ಬಾಯಿ ಮಾತ್ರ ನನ್ನದೇ. ಅವಳ ಯೂನಿಫಾರ್ಮಿಗೆ ನಾನು ಬಟ್ಟೆ ಹೆಚ್ಚಿಗೆ ಒಳಗೆ ಮಡಚಿ ಹೊಲಿಯುತ್ತೇನೆ, ಬೆಳೆದಂತೆ ಬಿಚ್ಚಬಹುದು ಎಂದು. ಅತ್ತೆಗೆ ಅವಳೆಂದರೆ ಪ್ರಾಣ.

ಮೊನ್ನೆ ನನ್ನ ಹತ್ತಿರ ಅಳತೆ ಕೊಡಲು ಒಬ್ಬ ಬಸುರಿ ಬಂದಿದ್ದಳು, ಕುಬುಸದ ಬ್ಲೌಜು. ಅಳತೆ ಬರೆದುಕೊಂಡು ನಾನು ಮತ್ತೆ ಮಶೀನಿಗೆ ಕುಳಿತಿದ್ದೆ. ಅತ್ತೆ ಪಡಸಾಲೆಯಲ್ಲೇ ಕುಳಿತು ಕಾಳು ಆರಿಸುತ್ತಿದ್ದಳು. ಮೊಮ್ಮಗಳು ಅವಳ ತೊಡೆಗೆ ಒರಗಿದ್ದಳು. ಅತ್ತೆ ಆ ಹುಡುಗಿಗೆ ಕಥೆ ಶುರು ಮಾಡಿದಳು. ಊರಲ್ಲಿ ಎಷ್ಟೋ ಮಂದಿಗೆ ಹೇಳಿದ ಕಥೆ ಅದು, ಆದರೆ ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು.

"ಡಾಕ್ಟರ ತಾರೀಖ ತಪ್ಪ ಹೇಳಿದ್ದರವಾ. ಇವರಿಗ್ಯಾರಿಗೂ ತಿಳೀಲಿಲ್ಲ. ನಾ ಬೆರಳ ಮಡಚಿ ಎಣಿಸಿದೆ, ಲೆಕ್ಕ ಕೂಡಲಿಲ್ಲ. ಹೋಗಿ ಕೇಳೇ ಬಿಟ್ಟೆ. ಅದಕ್ಕ ಇಕಿ ದವಾಖಾನಿಗಿ ಓಡಿ ಹೋದಳು. ನಾ ಎಣಿಸಲಿಲ್ಲಂದ್ರ ಈ ಕೂಸ ಎಲ್ಲಿರತಿತ್ತು?"

ನನ್ನ ಮಶೀನಿನ ಚಕ್ರ ನಿಂತಿತು. ಅದು ಸುಳ್ಳಲ್ಲ, ಅದೇ ನನ್ನ ಸಂಕಟ. ಅವಳ ಆ ಹೊಲಸು ಲೆಕ್ಕ ಇಲ್ಲದಿದ್ದರೆ ನಾನು ತಿಂಗಳ ಕೊನೆಯವರೆಗೂ ತವರಲ್ಲಿ ಹಾಯಾಗಿ ಕುಳಿತಿರುತ್ತಿದ್ದೆ. ನನ್ನ ಮಗಳ ಜೀವವನ್ನೇ ಅಡ್ಡ ಹಿಡಿದುಕೊಂಡು ಕುಳಿತವಳಿಗೆ ನಾನು ಏನನ್ನಲಿ?

ಮಗಳು ಅಜ್ಜಿಯ ಕಡೆ ತಲೆ ಎತ್ತಿದಳು.

"ಆಯಿ, ನೀ ಏನ ಎಣಿಸಿದ್ದಿ?"

ಅತ್ತೆ ಕಾಳಿನ ಮೊರದಲ್ಲಿ ಬೆರಳಾಡಿಸಿದಳು. "ತಿಂಗಳವಾ, ತಿಂಗಳ" ಎಂದಳು.

"ತಿಂಗಳ ಯಾಕ ಎಣಿಸಿದಿ?"

ಬ್ಲೌಜಿನ ಹುಡುಗಿ ಅತ್ತೆಯನ್ನು ನೋಡಿದಳು. ನಾನೂ ಟೇಪನ್ನು ಕೊರಳಿಗೆ ಹಾಕಿಕೊಂಡು, ಕುರ್ಚಿ ತಿರುಗಿಸಿ ಕುಳಿತೆ.

"ಹೇಳ್ರಿ ಅತ್ತಿ" ಎಂದೆ. "ಕೂಸು ಕೇಳಲಿಕ್ಕತ್ತೈತಿ. ಯಾಕ ಎಣಿಸಿದ್ರಿ ಹೇಳ್ರಿ."

ಅತ್ತೆ ಮೊರ ಕೆಳಗಿಟ್ಟು, ಒಲೆಯ ಮೇಲೆ ಹಾಲಿದೆ ಎಂದು ಎದ್ದು ಒಳಗೆ ಹೋದಳು. ಒಲೆ ಇನ್ನೂ ಹೊತ್ತಿಸಿರಲಿಲ್ಲ.